ಉಪ್ಪು ಒಳಹೋಗಲು ಸಕ್ಕರೆಯೇಕೆ ಬೇಕು? ಒಆರ್‌ಎಸ್ ಪ್ಯಾಕೆಟ್ ಕೆಲಸ ಮಾಡುವುದು ಹೀಗೆ

2024ರ ಆಗಸ್ಟ್ ಕೊನೆಯ ವಾರ ಗುಜರಾತಿನ ವಡೋದರಾದಲ್ಲಿ ವಿಶ್ವಾಮಿತ್ರಿ ನದಿ ಉಕ್ಕಿ ನಗರದೊಳಗೆ ನುಗ್ಗಿತ್ತು. ಮನೆಗಳ ಅಂಗಳಕ್ಕೆ ಮೊಸಳೆಗಳು ಬಂದ ವಿಡಿಯೊಗಳು ದೇಶದಾದ್ಯಂತ ಹರಿದಾಡಿದವು. ಮೊಸಳೆ ಕಣ್ಣಿಗೆ ಕಾಣುತ್ತದೆ, ಜನ ದೂರ ಸರಿಯುತ್ತಾರೆ. ಆದರೆ ಯಾವುದೇ ಊರಿನಲ್ಲಿ ನೆರೆ ಇಳಿದ ಮೇಲೆ ಉಳಿಯುವ ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಚರಂಡಿ ನೀರು ಕುಡಿಯುವ ನೀರಿನ ಪೈಪಿಗೆ ಸೇರಿದರೆ ಕೆಲವೇ ದಿನಗಳಲ್ಲಿ ವಾಂತಿ-ಭೇದಿ ಶುರುವಾಗುತ್ತದೆ.

ಇದಕ್ಕೆ ನೆರೆಯೇ ಬರಬೇಕೆಂದೇನೂ ಇಲ್ಲ. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾಗಿ, ಹಲವರು ಪ್ರಾಣ ಕಳೆದುಕೊಂಡಿದ್ದು ಕನ್ನಡ ಓದುಗರಿಗೆ ನೆನಪಿರಬಹುದು.

ಇಂಥ ಹೊತ್ತಿನಲ್ಲಿ ವೈದ್ಯರು, ಆಶಾ ಕಾರ್ಯಕರ್ತೆಯರು ಮೊದಲು ಕೈಗೆ ಕೊಡುವುದು ಒಆರ್‌ಎಸ್ ಪ್ಯಾಕೆಟ್. ಒಡೆದು ನೋಡಿದರೆ ಅದರಲ್ಲಿರುವುದು ಬಹುಪಾಲು ಸಕ್ಕರೆ ಮತ್ತು ಉಪ್ಪು. ಇಷ್ಟು ಸಾಮಾನ್ಯ ವಸ್ತು ಜೀವ ಉಳಿಸುವುದು ಹೇಗೆ? ಭೇದಿಗೆ ಬೇಕಿರುವುದು ನೀರು ತಾನೆ, ಬರೀ ನೀರು ಕುಡಿಸಿದರೆ ಸಾಲದೆ? ಉಪ್ಪೇನೋ ಸರಿ, ಸಕ್ಕರೆ ಯಾಕೆ? ಈ ಕೊನೆಯ ಪ್ರಶ್ನೆಯಲ್ಲೇ ಇಡೀ ವಿಷಯದ ಗುಟ್ಟು ಅಡಗಿದೆ.

ಕರುಳಿನಲ್ಲಿ ದಿನಾ ನಡೆಯುವ ಲೆಕ್ಕ

ನಾವು ದಿನಕ್ಕೆ ಕುಡಿಯುವ ನೀರು, ತಿನ್ನುವ ಆಹಾರದ ನೀರಿನಂಶ ಸೇರಿದರೆ ಸುಮಾರು 2 ಲೀಟರ್. ಆದರೆ ಸಣ್ಣ ಕರುಳಿಗೆ ಬಂದು ಬೀಳುವುದು 8ರಿಂದ 9 ಲೀಟರ್. ಉಳಿದದ್ದು ಎಲ್ಲಿಂದ ಬಂತು? ಜೊಲ್ಲು, ಜಠರ ರಸ, ಪಿತ್ತ, ಮೇದೋಜೀರಕ ಗ್ರಂಥಿಯ ರಸ, ಕರುಳೇ ಸುರಿಸುವ ರಸ ಎಲ್ಲವೂ ನಮ್ಮ ರಕ್ತದಿಂದಲೇ ಹೊರಟು ಕರುಳಿಗೆ ಇಳಿಯುತ್ತವೆ. ಊಟ ಜೀರ್ಣವಾದ ಮೇಲೆ ಕರುಳು ಈ ನೀರನ್ನು ಬಹುತೇಕ ಪೂರ್ತಿಯಾಗಿ ರಕ್ತಕ್ಕೆ ಮರಳಿಸುತ್ತದೆ. ಮಲದಲ್ಲಿ ಹೊರಹೋಗುವುದು 100ರಿಂದ 200 ಮಿಲಿಲೀಟರ್ ಮಾತ್ರ.

ಅಂದರೆ ಕರುಳು ಒಂದೇ ಕಡೆಗೆ ಹರಿಯುವ ಕೊಳವೆಯಲ್ಲ. ಅಲ್ಲಿ ನೀರು ಸುರಿಯುವ ಕೆಲಸವೂ ನಡೆಯುತ್ತದೆ, ಹೀರುವ ಕೆಲಸವೂ ನಡೆಯುತ್ತದೆ. ಎರಡೂ ಸಮತೋಲನದಲ್ಲಿ ಇದ್ದರೆ ನಮಗೆ ಏನೂ ಗೊತ್ತಾಗುವುದಿಲ್ಲ. ಸುರಿಯುವುದು ಜಾಸ್ತಿಯಾದರೆ ಅಥವಾ ಹೀರುವುದು ಕಡಿಮೆಯಾದರೆ ಭೇದಿ.

ಕಾಲರಾದಲ್ಲಿ ಈ ಸಮತೋಲನ ತಪ್ಪುವ ರೀತಿ ಅತ್ಯಂತ ಸ್ಪಷ್ಟವಾಗಿದೆ. ಕಾಲರಾ ಬ್ಯಾಕ್ಟೀರಿಯಾ ಕರುಳಿನ ಗೋಡೆಯನ್ನು ಕೊರೆಯುವುದಿಲ್ಲ. ಅದು ಒಂದು ವಿಷವನ್ನು ಬಿಡುತ್ತದೆ. ಆ ವಿಷ ಕರುಳಿನ ಜೀವಕೋಶದೊಳಗೆ ಹೋಗಿ, ಕ್ಲೋರೈಡ್ ಹೊರಬಿಡುವ ನಲ್ಲಿಯನ್ನು ತೆರೆದೇ ಇರುವಂತೆ ಮಾಡುತ್ತದೆ. ಕ್ಲೋರೈಡ್ ಹಿಂದೆ ಸೋಡಿಯಂ, ಸೋಡಿಯಂ ಹಿಂದೆ ನೀರು ರಕ್ತದಿಂದ ಕರುಳಿಗೆ ಸೋರುತ್ತದೆ. ತೀವ್ರ ಕಾಲರಾದಲ್ಲಿ ವಯಸ್ಕರು ಗಂಟೆಗೆ ಒಂದು ಲೀಟರ್‌ವರೆಗೂ ನೀರು ಕಳೆದುಕೊಳ್ಳಬಹುದು. ಮಲ ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗುತ್ತದೆ. ಇಂಥ ರೋಗಿ ಸಾಯುವುದು ಸೋಂಕು ದೇಹವನ್ನೆಲ್ಲ ವ್ಯಾಪಿಸಿದ್ದರಿಂದಲ್ಲ. ರಕ್ತನಾಳಗಳಲ್ಲಿ ಓಡಾಡಲು ಸಾಕಷ್ಟು ರಕ್ತದ ಪ್ರಮಾಣ ಉಳಿಯದೆ ಸಾಯುತ್ತಾನೆ.

ಬರೀ ನೀರು ಏಕೆ ಸಾಲದು?

ನೀರನ್ನು ಎತ್ತಿ ಒಳಗೆ ಹಾಕುವ ಪಂಪು ಕರುಳಿನಲ್ಲಿಲ್ಲ. ನೀರು ತಾನಾಗಿ ಚಲಿಸುತ್ತದೆ, ಅದೂ ಉಪ್ಪು-ಸಕ್ಕರೆಯಂಥ ಕರಗಿದ ಕಣಗಳು ಹೆಚ್ಚಿರುವ ಕಡೆಗೆ. ಉಪ್ಪಿನಕಾಯಿಗೆ ಮಾವಿನ ಹೋಳುಗಳಿಗೆ ಉಪ್ಪು ಬೆರೆಸಿಟ್ಟರೆ ಮರುದಿನ ಜಾಡಿಯಲ್ಲಿ ನೀರು ಬಿಟ್ಟಿರುತ್ತದಲ್ಲ, ಅದೇ ನಿಯಮ. ಹೊರಗೆ ಉಪ್ಪು ಹೆಚ್ಚಿದ್ದರಿಂದ ಹೋಳಿನೊಳಗಿನ ನೀರು ಹೊರಬಂತು. ಹಾಗೆಯೇ ಕರುಳಿನಲ್ಲಿರುವ ನೀರನ್ನು ರಕ್ತದ ಕಡೆಗೆ ಸೆಳೆಯಬೇಕಾದರೆ ಮೊದಲು ಉಪ್ಪು, ಅಂದರೆ ಸೋಡಿಯಂ, ಕರುಳಿನ ಗೋಡೆ ದಾಟಿ ಒಳಗೆ ಹೋಗಬೇಕು. ಉಪ್ಪು ಹೋದ ಕಡೆ ನೀರು ಹಿಂಬಾಲಿಸುತ್ತದೆ.

ಬರೀ ನೀರು ಕುಡಿಸಿದರೆ ಎರಡು ತೊಂದರೆ. ಭೇದಿಯ ಕರುಳಿನಲ್ಲಿ ಅದರ ದೊಡ್ಡ ಭಾಗ ಹೀರಿಕೆಯಾಗದೆ ಹೊರಹೋಗುತ್ತದೆ. ಹೀರಿಕೆಯಾದಷ್ಟು ನೀರು, ಮೊದಲೇ ಉಪ್ಪು ಕಳೆದುಕೊಂಡ ರಕ್ತವನ್ನು ಇನ್ನಷ್ಟು ತೆಳುವಾಗಿಸುತ್ತದೆ. ರಕ್ತದಲ್ಲಿ ಸೋಡಿಯಂ ತೀರಾ ಇಳಿದರೆ ಮಂಪರು, ಫಿಟ್ಸ್ ಬರಬಹುದು.

ಹಾಗಾದರೆ ಉಪ್ಪು ನೀರು ಕುಡಿಸೋಣ ಎಂದರೆ ಅದೂ ಆಗುವುದಿಲ್ಲ. ಆರೋಗ್ಯವಂತರ ಕರುಳಿನಲ್ಲಿ ಉಪ್ಪು ನೇರವಾಗಿ ಒಳಹೋಗಲು ಒಂದು ಬಾಗಿಲಿದೆ. ಕಾಲರಾ ವಿಷ ಆ ಬಾಗಿಲಿಗೆ ಬೀಗ ಹಾಕಿಬಿಡುತ್ತದೆ. ಹೀಗಾಗಿ ಉಪ್ಪು ನೀರು ಕುಡಿಸಿದಷ್ಟೂ ಕರುಳಿನಲ್ಲೇ ಉಳಿದು ಭೇದಿಯನ್ನು ಹೆಚ್ಚಿಸುತ್ತದೆ.

ಬೀಗ ಬೀಳದ ಇನ್ನೊಂದು ಬಾಗಿಲು

ಸಣ್ಣ ಕರುಳಿನ ಒಳಮೈ ಜೀವಕೋಶಗಳ ಮೇಲೆ ಎಸ್‌ಜಿಎಲ್‌ಟಿ1 ಎಂಬ ಪ್ರೋಟೀನ್ ಇದೆ. ಊಟದಲ್ಲಿನ ಗ್ಲೂಕೋಸನ್ನು ಒಳಗೆ ತರುವುದೇ ಇದರ ಕೆಲಸ. ಇದು ಎಲ್ಲರನ್ನೂ ಒಳಬಿಡುವ ಬಾಗಿಲಲ್ಲ. 2 ಸೋಡಿಯಂ ಕಣ ಮತ್ತು 1 ಗ್ಲೂಕೋಸ್ ಕಣ ಒಟ್ಟಿಗೆ ಬಂದು ಕುಳಿತರೆ ಮಾತ್ರ ಅದು ತಿರುಗಿ, ಮೂವರನ್ನೂ ಒಳಗೆ ಇಳಿಸುತ್ತದೆ. ಸೋಡಿಯಂ ಒಂದೇ ಬಂದರೆ ಪ್ರವೇಶವಿಲ್ಲ, ಗ್ಲೂಕೋಸ್ ಒಂದೇ ಬಂದರೂ ಇಲ್ಲ.

ಒಳಗೆ ಬಂದ ಮೇಲೆ ಏನಾಗುತ್ತದೆ? ಜೀವಕೋಶದ ಹಿಂಬದಿಯಲ್ಲಿ, ಅಂದರೆ ರಕ್ತದ ಕಡೆಗಿರುವ ಗೋಡೆಯಲ್ಲಿ, ಒಂದು ಸೋಡಿಯಂ ಪಂಪು ಸದಾ ಕೆಲಸ ಮಾಡುತ್ತಿರುತ್ತದೆ. ಅದು ಸೋಡಿಯಮ್ಮನ್ನು ಆಚೆ ದಬ್ಬುತ್ತದೆ. ಗ್ಲೂಕೋಸ್ ಕೂಡ ಅದೇ ಗೋಡೆಯ ಇನ್ನೊಂದು ದಾರಿಯಿಂದ ಆಚೆ ಹೋಗುತ್ತದೆ. ಈಗ ರಕ್ತದ ಕಡೆ ಕರಗಿದ ಕಣಗಳು ಹೆಚ್ಚಾದವು. ಉಪ್ಪಿನಕಾಯಿ ಜಾಡಿಯ ನಿಯಮದಂತೆ ನೀರು ಆ ಕಡೆಗೆ ಹರಿಯುತ್ತದೆ. ಪಂಪು ಒಳಗಿನ ಸೋಡಿಯಂ ಖಾಲಿ ಮಾಡುತ್ತಿರುವುದರಿಂದಲೇ ಮುಂಬಾಗಿಲಿನಿಂದ ಮತ್ತಷ್ಟು ಸೋಡಿಯಂ ಒಳಬರಲು ಜಾಗವಾಗುತ್ತದೆ.

ಈ ಬಾಗಿಲಿಗೆ ಕಾಲರಾ ವಿಷ ಕೈಹಾಕುವುದಿಲ್ಲ ಎಂಬುದೇ ಮನುಷ್ಯರ ಅದೃಷ್ಟ. ಒಂದು ಕಡೆ ನಲ್ಲಿ ತೆರೆದು ನೀರು ಸೋರುತ್ತಿದ್ದರೂ ಇನ್ನೊಂದು ಕಡೆ ಈ ಬಾಗಿಲು ಎಂದಿನಂತೆ ಕೆಲಸ ಮಾಡುತ್ತಿರುತ್ತದೆ. ಒಆರ್‌ಎಸ್‌ನಲ್ಲಿ ಸಕ್ಕರೆ ಇರುವುದು ರುಚಿಗಲ್ಲ, ಶಕ್ತಿಗೂ ಅಲ್ಲ. ಅದು ಸೋಡಿಯಮ್ಮಿನ ಜೊತೆಗಾರ. ಉಪ್ಪನ್ನು ಒಳಗೆ ಕರೆದೊಯ್ಯಲು ಸಕ್ಕರೆ, ನೀರನ್ನು ಒಳಗೆ ಎಳೆದೊಯ್ಯಲು ಉಪ್ಪು.

ಪ್ರಯೋಗಾಲಯದಿಂದ ಬನಗಾಂವ್ ಆಸ್ಪತ್ರೆಯ ನೆಲದವರೆಗೆ

ಸೋಡಿಯಂ ಮತ್ತು ಗ್ಲೂಕೋಸ್ ಜೋಡಿಯಾಗಿ ಕರುಳನ್ನು ದಾಟುತ್ತವೆ ಎಂಬ ಕಲ್ಪನೆಯನ್ನು ಅಮೆರಿಕದ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್‌ನಲ್ಲಿ ನಡೆದ ಸಭೆಯೊಂದರಲ್ಲಿ ಮುಂದಿಟ್ಟರು. 1968ರಲ್ಲಿ ಢಾಕಾದಲ್ಲಿ ಡೇವಿಡ್ ನಲಿನ್ ಮತ್ತು ರಿಚರ್ಡ್ ಕ್ಯಾಶ್ ಇದನ್ನು ಕಾಲರಾ ರೋಗಿಗಳಲ್ಲಿ ಪರೀಕ್ಷಿಸಿದರು. ಗ್ಲೂಕೋಸ್-ಉಪ್ಪಿನ ದ್ರಾವಣ ಕುಡಿಸಿದಾಗ ರಕ್ತನಾಳಕ್ಕೆ ಹಾಕಬೇಕಾದ ಸಲೈನ್ ಪ್ರಮಾಣ ಸುಮಾರು ಶೇ 80ರಷ್ಟು ಇಳಿಯಿತು. ಆದರೆ ಅದು ಆಸ್ಪತ್ರೆಯೊಳಗೆ, ಅಳೆದು ತೂಗಿ ನೋಡಿಕೊಳ್ಳುವ ಸಿಬ್ಬಂದಿಯ ನಡುವೆ ನಡೆದ ಪ್ರಯೋಗ. ಜಾತ್ರೆಯಂಥ ಜನಸಂದಣಿಯಲ್ಲಿ ಇದು ನಡೆಯುತ್ತದೆಯೇ ಎಂಬ ಅನುಮಾನ ವೈದ್ಯರಲ್ಲಿ ಉಳಿದೇ ಇತ್ತು.

ಆ ಅನುಮಾನಕ್ಕೆ ಉತ್ತರ ಸಿಕ್ಕಿದ್ದು 1971ರಲ್ಲಿ, ಪಶ್ಚಿಮ ಬಂಗಾಳದ ಗಡಿ ಪಟ್ಟಣ ಬನಗಾಂವ್‌ನಲ್ಲಿ. ಬಾಂಗ್ಲಾ ವಿಮೋಚನಾ ಯುದ್ಧದಿಂದ ಓಡಿಬಂದ ಲಕ್ಷಾಂತರ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ ಹಬ್ಬಿತ್ತು. ಕಲ್ಕತ್ತಾದ ಜಾನ್ಸ್ ಹಾಪ್ಕಿನ್ಸ್ ಸಂಶೋಧನಾ ಕೇಂದ್ರದಲ್ಲಿದ್ದ ಡಾ. ದಿಲೀಪ್ ಮಹಾಲನಾಬಿಸ್ ಜೂನ್ ಕೊನೆಯಲ್ಲಿ ಅಲ್ಲಿಗೆ ಹೋದಾಗ ಕಂಡದ್ದು 16 ಹಾಸಿಗೆಗಳ ಎರಡು ಕೋಣೆಗಳು, ನೆಲದ ತುಂಬ ವಾಂತಿ-ಭೇದಿಯ ನಡುವೆಯೇ ಮಲಗಿದ್ದ ರೋಗಿಗಳು. ಸಲೈನ್ ಬಾಟಲಿಗಳು ಬೇಗಬೇಗ ಖಾಲಿಯಾಗುತ್ತಿದ್ದವು. ಸಲೈನ್ ಏರಿಸಲು ತರಬೇತಿ ಪಡೆದ ಕೈಗಳೂ ಬೆರಳೆಣಿಕೆಯಷ್ಟೇ ಇದ್ದವು.

ಇರುವ ಸಲೈನನ್ನು ತೀರಾ ಕಡೆಯ ಸ್ಥಿತಿಯಲ್ಲಿರುವವರಿಗೆ ಮೀಸಲಿಟ್ಟು, ಉಳಿದವರಿಗೆ ಕುಡಿಯುವ ದ್ರಾವಣ ಕೊಡಲು ಅವರು ನಿರ್ಧರಿಸಿದರು. ಪಾಕ ಸರಳವಾಗಿತ್ತು. ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಕಲ್ಕತ್ತಾದಲ್ಲಿ ಇವುಗಳನ್ನು ತೂಗಿ ಪಾಲಿಥಿನ್ ಚೀಲಗಳಿಗೆ ತುಂಬಿ, ಬಾಯಿ ಮುಚ್ಚಿ ಕಳುಹಿಸಲಾಯಿತು. ಶಿಬಿರದಲ್ಲಿ ನಲ್ಲಿ ಇದ್ದ ಡ್ರಮ್ಮುಗಳಲ್ಲಿ ಕರಗಿಸಿಟ್ಟರು. ರೋಗಿಗಳ ಕಡೆಯವರೇ ಮಗ್ಗಿನಲ್ಲಿ ಹಿಡಿದು ತಂದು ಕುಡಿಸುತ್ತಿದ್ದರು. ಜನರಿಗೆ ಅರ್ಥವಾಗಲೆಂದು ಅದನ್ನು 'ಬಾಯಿಯ ಸಲೈನ್' ಎಂದೇ ಕರೆಯುತ್ತಿದ್ದರು.

ಸುಮಾರು 8 ವಾರಗಳಲ್ಲಿ 3,700ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ನಡೆಯಿತು. ಮೊದಲು ಶೇ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ 3.6ಕ್ಕೆ ಇಳಿಯಿತು. ಇದು ಎಲ್ಲಾ ರೋಗಿಗಳಿಗೂ ಸಲೈನ್ ಏರಿಸಿ ಪಡೆದ ಫಲವಲ್ಲ. ಸೂಜಿ ಹಿಡಿಯಲು ಬಾರದ ಅಮ್ಮ, ಅಣ್ಣ, ನೆರೆಯವರು ಮಗ್ಗು ಹಿಡಿದು ಕುಡಿಸಿ ಪಡೆದ ಫಲ. ಮುಂದೆ ವಿಶ್ವ ಆರೋಗ್ಯ ಸಂಸ್ಥೆ ಒಆರ್‌ಎಸ್ಸನ್ನು ಜಗತ್ತಿನಾದ್ಯಂತ ಒಯ್ಯಲು ಬನಗಾಂವ್‌ನ ಅನುಭವ ದೊಡ್ಡ ಆಧಾರವಾಯಿತು. ಮಹಾಲನಾಬಿಸ್ 2022ರ ಅಕ್ಟೋಬರ್‌ನಲ್ಲಿ ನಿಧನರಾದರು. ಮರುವರ್ಷ ಅವರಿಗೆ ಮರಣೋತ್ತರ ಪದ್ಮವಿಭೂಷಣ ಘೋಷಣೆಯಾಯಿತು.

ಸಕ್ಕರೆ ಜಾಸ್ತಿ ಹಾಕಿದರೆ ಇನ್ನೂ ಒಳ್ಳೆಯದಲ್ಲವೇ?

ಇಲ್ಲ. ಇಲ್ಲೇ ಹೆಚ್ಚಿನವರು ಎಡವುವುದು.

ಈಗ ಬಳಕೆಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ 2002ರದ್ದು. ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್. ಒಟ್ಟು 20.5 ಗ್ರಾಂ. ಪೊಟ್ಯಾಸಿಯಂ ಭೇದಿಯಲ್ಲಿ ಕಳೆದುಹೋದದ್ದನ್ನು ತುಂಬಲು, ಸಿಟ್ರೇಟ್ ರಕ್ತದಲ್ಲಿ ಏರಿದ ಆಮ್ಲೀಯತೆಯನ್ನು ಸರಿಪಡಿಸಲು. ಈ ಲೆಕ್ಕದಲ್ಲಿ ದ್ರಾವಣದಲ್ಲಿರುವ ಗ್ಲೂಕೋಸ್ ಕಣಗಳ ಸಂಖ್ಯೆ ಮತ್ತು ಸೋಡಿಯಂ ಕಣಗಳ ಸಂಖ್ಯೆ ಸಮಸಮ, ಲೀಟರಿಗೆ 75 ಮಿಲಿಮೋಲ್.

ಇನ್ನೊಂದು ಮುಖ್ಯ ಸಂಖ್ಯೆ 245. ದ್ರಾವಣದಲ್ಲಿ ಒಟ್ಟಾರೆ ಎಷ್ಟು ಕಣಗಳು ಕರಗಿವೆ ಎಂಬುದರ ಅಳತೆ ಇದು, ವೈದ್ಯರು ಇದನ್ನು ಆಸ್ಮೊಲಾರಿಟಿ ಎನ್ನುತ್ತಾರೆ. ನಮ್ಮ ರಕ್ತದ್ದು 290ರ ಆಸುಪಾಸು. ಕುಡಿಸುವ ದ್ರಾವಣ ರಕ್ತಕ್ಕಿಂತ ಸ್ವಲ್ಪ ತೆಳುವಾಗಿದ್ದರೆ ನೀರು ಸಲೀಸಾಗಿ ಕರುಳಿನಿಂದ ರಕ್ತದ ಕಡೆಗೆ ಹೋಗುತ್ತದೆ. 2002ಕ್ಕೂ ಮುಂಚಿನ ಸೂತ್ರದಲ್ಲಿ ಈ ಸಂಖ್ಯೆ 311 ಇತ್ತು. ಗ್ಲೂಕೋಸ್, ಉಪ್ಪು ಎರಡನ್ನೂ ಇಳಿಸಿ ಪರೀಕ್ಷಿಸಿದಾಗ ಮಕ್ಕಳಲ್ಲಿ ಮಲದ ಪ್ರಮಾಣ, ವಾಂತಿ ಮತ್ತು ಸಲೈನ್ ಏರಿಸಬೇಕಾದ ಸಂದರ್ಭಗಳು ಕಡಿಮೆಯಾದವು. ಆದ್ದರಿಂದಲೇ ಸೂತ್ರ ಬದಲಾಯಿತು.

ಈಗ ಲೀಟರಿಗೆ ಸುಮಾರು 100 ಗ್ರಾಂ ಸಕ್ಕರೆಯಿರುವ ತಂಪು ಪಾನೀಯವನ್ನೋ ಪ್ಯಾಕ್ ಮಾಡಿದ ಹಣ್ಣಿನ ರಸವನ್ನೋ ಭೇದಿಯಾದ ಮಗುವಿಗೆ ಕೊಟ್ಟರೆ ಏನಾಗುತ್ತದೆ ನೋಡಿ. ಅದರಲ್ಲಿ ಸೋಡಿಯಂ ತೀರಾ ಕಡಿಮೆ. ಹೀಗಾಗಿ ಬಾಗಿಲು ದಾಟಿಸಬೇಕಾದ ಉಪ್ಪೇ ಅಲ್ಲಿಲ್ಲ. ಸಕ್ಕರೆ ಮಾತ್ರ ಒಆರ್‌ಎಸ್‌ಗಿಂತ ಏಳು ಪಟ್ಟು. ಇಷ್ಟು ಸಕ್ಕರೆಯನ್ನು ಕರುಳು ಕೂಡಲೇ ಹೀರಲಾರದು. ಉಳಿದ ಸಕ್ಕರೆ ಕರುಳಿನೊಳಗೆ ಇದ್ದಾಗ ಉಪ್ಪಿನಕಾಯಿ ನಿಯಮ ತಿರುಗಿ ಹೊಡೆಯುತ್ತದೆ. ನೀರು ರಕ್ತದಿಂದ ಕರುಳಿನ ಕಡೆಗೆ ಬರುತ್ತದೆ, ಭೇದಿ ಹೆಚ್ಚಾಗುತ್ತದೆ.

ಔಷಧದಂಗಡಿಗಳಲ್ಲಿ ಟೆಟ್ರಾ ಪ್ಯಾಕ್‌ನಲ್ಲಿ ಸಿಗುವ ಕೆಲವು ಸಿಹಿ ಪಾನೀಯಗಳ ಹೆಸರಿನಲ್ಲೇ 'ಒಆರ್‌ಎಸ್' ಎಂಬ ಅಕ್ಷರಗಳಿದ್ದದ್ದು ವಿವಾದವಾಗಿದ್ದು ಇದೇ ಕಾರಣಕ್ಕೆ. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ವರ್ಷಗಳ ಕಾಲ ಇದರ ವಿರುದ್ಧ ಹೋರಾಡಿದರು. ಕೊನೆಗೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2025ರ ಅಕ್ಟೋಬರ್ 14ರಂದು ಆದೇಶ ಹೊರಡಿಸಿ, ಆಹಾರ ಪಾನೀಯಗಳ ಹೆಸರಿನಲ್ಲಿ ಈ ಅಕ್ಷರಗಳನ್ನು ಬಳಸಲು ಹಿಂದೆ ಕೊಟ್ಟಿದ್ದ ಅನುಮತಿಯನ್ನು ಹಿಂಪಡೆಯಿತು. ಕೊಳ್ಳುವಾಗ ಮುಂಭಾಗದ ಚಿತ್ರ ನೋಡಬೇಡಿ, ಹಿಂಭಾಗದ ಸೂತ್ರ ಓದಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂಬ ಉಲ್ಲೇಖ ಮತ್ತು ಮೇಲೆ ಹೇಳಿದ ನಾಲ್ಕು ಪದಾರ್ಥಗಳು ಇದ್ದರೆ ಅದು ನಿಜವಾದ ಒಆರ್‌ಎಸ್.

ಒಂದು ಮಗುವಿನ ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳೋಣ. ವಡೋದರಾದ ಮಕರಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆಂದು ಕಲಬುರಗಿ ಕಡೆಯಿಂದ ಹೋಗಿರುವ ಒಂದು ಕುಟುಂಬ ಇದೆ ಎಂದುಕೊಳ್ಳಿ. ಒಂದು ಕೋಣೆಯ ಬಾಡಿಗೆ ಮನೆ. ಒಂದೂವರೆ ವರ್ಷದ ಮಗು, ತೂಕ 10 ಕೆ.ಜಿ. ಬೆಳಗ್ಗೆಯಿಂದ ಆರೇಳು ಬಾರಿ ನೀರಿನಂಥ ಭೇದಿಯಾಗಿದೆ. ಮಗು ಕಿರಿಕಿರಿ ಮಾಡುತ್ತಿದೆ, ಕಣ್ಣು ಗುಳಿಬಿದ್ದಿದೆ, ಲೋಟ ಕಂಡರೆ ಆತುರದಿಂದ ಕುಡಿಯುತ್ತದೆ. ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ಕೂಡಲೇ ಸಮವಾಗದೆ ನಿಧಾನಕ್ಕೆ ಹಿಂದೆ ಸರಿಯುತ್ತದೆ. ಈ ನಾಲ್ಕರಲ್ಲಿ ಎರಡು ಲಕ್ಷಣ ಕಂಡರೂ ಮಗುವಿನ ದೇಹದಲ್ಲಿ ನೀರು ಸಾಕಷ್ಟು ಕಡಿಮೆಯಾಗಿದೆ ಎಂದರ್ಥ. ಇಂಥ ಮಗುವನ್ನು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ಆದರೆ ಆಟೊ ಬರುವವರೆಗೆ, ದಾರಿಯುದ್ದಕ್ಕೂ ಒಆರ್‌ಎಸ್ ಕೊಡುತ್ತಿರಬೇಕು.

ಮೊದಲು ಕಲಸುವುದು. ಅಂಗಡಿಯಲ್ಲಿ ಎರಡು ಗಾತ್ರದ ಪ್ಯಾಕೆಟ್ ಸಿಗುತ್ತವೆ, 1 ಲೀಟರಿನದು ಮತ್ತು 200 ಮಿಲಿಲೀಟರಿನದು. ಎಷ್ಟು ನೀರು ಎಂದು ಪ್ಯಾಕೆಟ್ ಮೇಲೆಯೇ ಬರೆದಿರುತ್ತದೆ. ದೊಡ್ಡ ಪ್ಯಾಕೆಟ್ ಆದರೆ ಒಂದು ಲೀಟರಿನ ನೀರಿನ ಬಾಟಲಿಯಲ್ಲಿ ಅಳೆದುಕೊಂಡು, ಕುದಿಸಿ ಆರಿಸಿದ ನೀರಿಗೆ ಇಡೀ ಪುಡಿಯನ್ನು ಒಮ್ಮೆಗೇ ಸುರಿದು ಕರಗಿಸಬೇಕು. ಕರಗಿಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು.

ಇಲ್ಲಿ ಆಗುವ ಸಾಮಾನ್ಯ ತಪ್ಪು ಎಂದರೆ "ಮಗು ಅಷ್ಟೊಂದು ಕುಡಿಯಲ್ಲ" ಎಂದು ಲೀಟರಿನ ಪುಡಿಯನ್ನು ಅರ್ಧ ಲೀಟರಿಗೆ ಹಾಕುವುದು. ಆಗ 245 ಇದ್ದ ಸಂಖ್ಯೆ 490 ಆಗುತ್ತದೆ. ರಕ್ತಕ್ಕಿಂತ ಗಟ್ಟಿಯಾದ ಈ ದ್ರಾವಣ ನೀರನ್ನು ಕರುಳಿಗೆ ಎಳೆಯುತ್ತದೆ, ರಕ್ತದಲ್ಲಿ ಸೋಡಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಪುಡಿಯನ್ನು ಅಂದಾಜಿನಲ್ಲಿ ಲೋಟಕ್ಕೊಂದು ಚಮಚ ಹಾಕುವುದೂ ಅಷ್ಟೇ ಅಪಾಯ. ಪ್ಯಾಕೆಟ್ಟಿನೊಳಗಿನ ನಾಲ್ಕು ಪುಡಿಗಳು ಒಂದೊಂದು ಚಮಚಕ್ಕೂ ಸಮವಾಗಿ ಬರುತ್ತವೆ ಎಂಬ ಖಾತರಿಯಿಲ್ಲ. ಹಾಲು, ಹಣ್ಣಿನ ರಸ, ತಂಪು ಪಾನೀಯಕ್ಕೆ ಬೆರೆಸುವುದು, ರುಚಿಗೆಂದು ಇನ್ನಷ್ಟು ಸಕ್ಕರೆ ಸೇರಿಸುವುದು ಬೇಡ.

ಇನ್ನು ಪ್ರಮಾಣ. ಈ ಹಂತದ ನೀರಿನ ಕೊರತೆಗೆ ಪ್ರತಿ ಕೆ.ಜಿ. ತೂಕಕ್ಕೆ 75 ಮಿಲಿಲೀಟರ್‌ನಂತೆ 4 ಗಂಟೆಗಳಲ್ಲಿ ಕೊಡಬೇಕು. 10 ಕೆ.ಜಿ. ಮಗುವಿಗೆ 750 ಮಿಲಿಲೀಟರ್. ಕೇಳಿದರೆ ದೊಡ್ಡ ಪ್ರಮಾಣ ಎನಿಸುತ್ತದೆ. ಗಂಟೆಗೆ ಹಂಚಿದರೆ ಸುಮಾರು 190 ಮಿಲಿಲೀಟರ್, ಅಂದರೆ ಒಂದೂವರೆ ನಿಮಿಷಕ್ಕೊಂದು ಟೀ ಚಮಚ. ಈ 750 ಮಿಲಿಲೀಟರಿನಲ್ಲಿ ಇರುವ ಗ್ಲೂಕೋಸ್ 10 ಗ್ರಾಂ, ಉಪ್ಪು 2 ಗ್ರಾಂ ಮಾತ್ರ. ಅಷ್ಟೇ ಸಾಕು, ಏಕೆಂದರೆ ಕೆಲಸ ನಡೆಯುವುದು ಪ್ರಮಾಣದಿಂದಲ್ಲ, ಜೋಡಿಯಿಂದ.

ಮಗು ಬಾಯಾರಿದೆ ಎಂದು ಲೋಟ ಬಾಯಿಗಿಟ್ಟರೆ ಗಟಗಟ ಕುಡಿದು ವಾಂತಿ ಮಾಡುತ್ತದೆ. ಆಗ ಮನೆಯವರು "ಇದೂ ನಿಲ್ಲುತ್ತಿಲ್ಲ" ಎಂದು ಕೈಬಿಡುತ್ತಾರೆ. ವಾಂತಿಯಾದರೆ 10 ನಿಮಿಷ ಬಿಟ್ಟು, ಮತ್ತೆ ಚಮಚದಲ್ಲಿ ಇನ್ನೂ ನಿಧಾನವಾಗಿ, ಎರಡು ಮೂರು ನಿಮಿಷಕ್ಕೊಂದರಂತೆ ಶುರುಮಾಡಬೇಕು. ವಾಂತಿಯಲ್ಲಿ ಹೋದದ್ದಕ್ಕಿಂತ ಒಳಗೆ ಉಳಿದದ್ದೇ ಸಾಮಾನ್ಯವಾಗಿ ಹೆಚ್ಚು. ಎದೆಹಾಲು ನಿಲ್ಲಿಸಬಾರದು.

ನಾಲ್ಕು ಗಂಟೆಯ ನಂತರ ಮತ್ತೆ ಅದೇ ಲಕ್ಷಣಗಳನ್ನು ನೋಡಬೇಕು. ಮಗು ಮೂತ್ರ ಮಾಡಿದೆಯೇ? ಕಣ್ಣು ಮೊದಲಿನಂತಾಗಿದೆಯೇ? ಆಟವಾಡುತ್ತಿದೆಯೇ? ಚರ್ಮ ಚಿವುಟಿದರೆ ಕೂಡಲೇ ಸಮವಾಗುತ್ತಿದೆಯೇ? ಹೌದಾದರೆ ಕೊರತೆ ತುಂಬಿದೆ. ಮುಂದೆ ಪ್ರತಿ ಬಾರಿ ಭೇದಿಯಾದಾಗ 2 ವರ್ಷದೊಳಗಿನ ಮಕ್ಕಳಿಗೆ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿಲೀಟರ್ ಕೊಟ್ಟರೆ ಸಾಕು. ರೆಪ್ಪೆಗಳು ಊದಿಕೊಂಡಂತೆ ಕಂಡರೆ ನೀರು ಹೆಚ್ಚಾಗಿದೆ ಎಂಬ ಸೂಚನೆ. ಆಗ ಒಆರ್‌ಎಸ್ ನಿಲ್ಲಿಸಿ, ಊತ ಇಳಿಯುವವರೆಗೆ ಎದೆಹಾಲು ಅಥವಾ ಬರೀ ನೀರು ಕೊಡಬೇಕು.

ಪ್ಯಾಕೆಟ್ ಸಿಗಲೇ ಇಲ್ಲ ಎಂದರೆ 1 ಲೀಟರ್ ಶುದ್ಧ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಮಟ್ಟಸವಾದ ಅರ್ಧ ಟೀ ಚಮಚ ಉಪ್ಪು. ಅಡುಗೆ ಸಕ್ಕರೆ ಕರುಳಿನಲ್ಲಿ ಒಡೆದು ಅರ್ಧಭಾಗ ಗ್ಲೂಕೋಸ್ ಆಗುವುದರಿಂದ ಅದೇ ಬಾಗಿಲು ತೆರೆಯುತ್ತದೆ. ಅನ್ನದ ಗಂಜಿಗೆ ಚಿಟಿಕೆ ಉಪ್ಪು ಹಾಕಿ ಕೊಡುವ ನಮ್ಮ ಮನೆಗಳ ರೂಢಿಯ ಹಿಂದೆಯೂ ಇದೇ ಲೆಕ್ಕವಿದೆ, ಗಂಜಿಯ ಪಿಷ್ಟ ಕರುಳಿನಲ್ಲಿ ನಿಧಾನವಾಗಿ ಗ್ಲೂಕೋಸ್ ಆಗುತ್ತದೆ. ಆದರೆ ಇವುಗಳಲ್ಲಿ ಪ್ಯಾಕೆಟ್‌ನಷ್ಟು ಪೊಟ್ಯಾಸಿಯಂ, ಸಿಟ್ರೇಟ್ ಇರುವುದಿಲ್ಲ. ಹಾಗಾಗಿ ಪ್ಯಾಕೆಟ್ ಸಿಗುವವರೆಗಿನ ಆಸರೆ ಎಂದಷ್ಟೇ ಇವನ್ನು ನೋಡಬೇಕು.

ಒಆರ್‌ಎಸ್ ಮಾಡದ ಕೆಲಸ

"ಕುಡಿಸಿದ ಮೇಲೂ ಭೇದಿ ನಿಂತಿಲ್ಲ, ಇದರಿಂದ ಪ್ರಯೋಜನವಿಲ್ಲ" ಎಂಬ ದೂರು ಎಲ್ಲ ಊರಲ್ಲೂ ಕೇಳಿಬರುತ್ತದೆ. ನಿಜ, ಒಆರ್‌ಎಸ್ ಭೇದಿಯನ್ನು ನಿಲ್ಲಿಸುವುದಿಲ್ಲ. ಅದು ತೆರೆದ ನಲ್ಲಿಯನ್ನು ಮುಚ್ಚುವುದಿಲ್ಲ, ಸೋರಿದಷ್ಟು ನೀರನ್ನು ಇನ್ನೊಂದು ಬಾಗಿಲಿನಿಂದ ಮರಳಿ ತುಂಬುತ್ತದೆ. ಸೋಂಕು ತಾನಾಗಿ ಇಳಿಯುವವರೆಗೆ ದೇಹ ಒಣಗದಂತೆ ನೋಡಿಕೊಳ್ಳುವುದೇ ಅದರ ಕೆಲಸ. ಭೇದಿ ಎಷ್ಟು ದಿನ ಇರುತ್ತದೆ, ಮುಂದೆ ಮತ್ತೆ ಬರುತ್ತದೆಯೇ ಎಂಬುದರ ಮೇಲೆ ಪರಿಣಾಮ ಬೀರುವುದು ಸತು, ಅಂದರೆ ಜಿಂಕ್ ಮಾತ್ರೆ. 6 ತಿಂಗಳು ಮೀರಿದ ಮಕ್ಕಳಿಗೆ ದಿನಕ್ಕೆ 20 ಮಿಲಿಗ್ರಾಂನಂತೆ 14 ದಿನ ಕೊಡುವುದು ನಮ್ಮ ದೇಶದ ಸರ್ಕಾರಿ ಕ್ರಮ. ಒಆರ್‌ಎಸ್ ಜೊತೆ ಆರೋಗ್ಯ ಕೇಂದ್ರದಲ್ಲಿ ಇದನ್ನೂ ಕೊಡುವುದು ಅದಕ್ಕೇ.

ಕೆಲವು ಸಂದರ್ಭಗಳಲ್ಲಿ ಬಾಯಿಯ ದಾರಿ ಸಾಲುವುದಿಲ್ಲ. ಮಗು ಮಂಪರಿನಲ್ಲಿದೆ, ಎಬ್ಬಿಸಿದರೂ ಏಳುತ್ತಿಲ್ಲ, ಕುಡಿಯಲು ಆಗುತ್ತಿಲ್ಲ, ಚಿವುಟಿದ ಚರ್ಮ ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಾಗೇ ನಿಲ್ಲುತ್ತದೆ ಎಂದರೆ ಅದು ತೀವ್ರ ಕೊರತೆ. ಆಗ ತಡಮಾಡದೆ ಆಸ್ಪತ್ರೆಗೆ ಒಯ್ದು ರಕ್ತನಾಳಕ್ಕೇ ದ್ರವ ಏರಿಸಬೇಕು. ಬನಗಾಂವ್‌ನಲ್ಲೂ ಸಲೈನ್ ಮೀಸಲಿಟ್ಟದ್ದು ಇಂಥವರಿಗೇ. ಏನು ಕೊಟ್ಟರೂ ವಾಂತಿಯಾಗುತ್ತಿದ್ದರೆ, ಹೊಟ್ಟೆ ಉಬ್ಬರಿಸಿಕೊಂಡಿದ್ದರೆ, ಮಲದಲ್ಲಿ ರಕ್ತ ಕಂಡರೆ, 2 ತಿಂಗಳೊಳಗಿನ ಹಸುಗೂಸಾದರೆ ಅಥವಾ ಮಗು ತೀವ್ರ ಅಪೌಷ್ಟಿಕತೆಯಿಂದ ಬಳಲುತ್ತಿದ್ದರೆ ಮನೆಯಲ್ಲೇ ಕಾಯುವುದು ಸರಿಯಲ್ಲ. ತೀವ್ರ ಅಪೌಷ್ಟಿಕತೆಯ ಮಕ್ಕಳಿಗೆ ಕೊಡುವ ದ್ರವದ ಲೆಕ್ಕವೇ ಬೇರೆ, ಅದನ್ನು ವೈದ್ಯರೇ ನಿರ್ಧರಿಸಬೇಕು.

ಉಳಿದ ಬಹುಪಾಲು ಭೇದಿಗಳಲ್ಲಿ, ಕಾರಣ ಕಾಲರಾ ಆಗಿರಲಿ, ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರೋಟಾವೈರಸ್ ಆಗಿರಲಿ, ಒಆರ್‌ಎಸ್ ಕೆಲಸ ಮಾಡುತ್ತದೆ. ರೋಟಾವೈರಸ್ ಕರುಳಿನ ಒಳಮೈಯನ್ನು ಅಲ್ಲಲ್ಲಿ ಹಾಳುಮಾಡುತ್ತದೆ. ಹಾಳಾಗದೆ ಉಳಿದ ಕಡೆ ಸೋಡಿಯಂ-ಗ್ಲೂಕೋಸ್ ಬಾಗಿಲು ತೆರೆದೇ ಇರುತ್ತದೆ. ಯಾವ ರೋಗಾಣು ಎಂದು ಪರೀಕ್ಷೆಯ ವರದಿ ಬರುವವರೆಗೆ ಕಾಯಬೇಕಿಲ್ಲ ಎನ್ನುವುದು ಇದೇ ಕಾರಣಕ್ಕೆ. ಮೊದಲ ಭೇದಿಯಾದ ಕೂಡಲೇ, ಕಣ್ಣು ಗುಳಿಬೀಳುವ ಮುನ್ನವೇ, ಅಳತೆಯ ನೀರಿಗೆ ಪೂರ್ತಿ ಪ್ಯಾಕೆಟ್ ಕಲಸಿ ಚಮಚ ಕೈಗೆತ್ತಿಕೊಳ್ಳಬಹುದು.